ಕಿರ್ಖಾಫನ ಲೆಕ್ಕ, ಹೇಬರನ ಕುಲುಮೆ

ರಸಾಯನಶಾಸ್ತ್ರದ ಯಾವ ಪಠ್ಯಪುಸ್ತಕವನ್ನು ತೆರೆದರೂ ಅಮೋನಿಯ ತಯಾರಿಕೆಯ ಸಮೀಕರಣದ ಪಕ್ಕದಲ್ಲಿ ಒಂದು ಸಂಖ್ಯೆ ನಮಗೆ ಸಿಗುತ್ತದೆ. ಒಂದು ಮೋಲ್ ಸಾರಜನಕ ಮೂರು ಮೋಲ್ ಜಲಜನಕದೊಡನೆ ಕೂಡಿ ಎರಡು ಮೋಲ್ ಅಮೋನಿಯ ಆದಾಗ ಸುಮಾರು 92 ಕಿಲೋಜೂಲ್ ಶಾಖ ಹೊರಬೀಳುತ್ತದೆ ಎಂಬುದು ಅದರ ಅರ್ಥ. ಸಂಖ್ಯೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ 25 ಡಿಗ್ರಿ ಸೆಲ್ಸಿಯಸ್ ಎಂದು ನಮೂದಿಸಿರುತ್ತಾರೆ. ಆದರೆ 25 ಡಿಗ್ರಿಯಲ್ಲಿ ಈ ಎರಡು ಅನಿಲಗಳನ್ನು ಒಂದೇ ಪಾತ್ರೆಯಲ್ಲಿ ವರ್ಷಗಟ್ಟಲೆ ಇಟ್ಟರೂ ಅಮೋನಿಯದ ವಾಸನೆ ಬರುವುದಿಲ್ಲ. ಚೆಂಬೂರಿನ ರಸಗೊಬ್ಬರ ಕಾರ್ಖಾನೆಯಂಥ ಕಡೆಗಳಲ್ಲಿ ಈ ಕ್ರಿಯೆ ನಡೆಯುವುದು ಕಬ್ಬಿಣದ ವೇಗವರ್ಧಕದ ಮೇಲೆ, ನಾನೂರು ಐನೂರು ಡಿಗ್ರಿಯ ಆಸುಪಾಸಿನಲ್ಲಿ. ಹಾಗಾದರೆ ಕ್ರಿಯೆಯೇ ನಡೆಯದ ಉಷ್ಣತೆಯ ಸಂಖ್ಯೆಯನ್ನು ಹಿಡಿದು, ಕ್ರಿಯೆ ನಡೆಯುವ ಉಷ್ಣತೆಯ ಶಾಖವನ್ನು ಹೇಳುವುದು ಹೇಗೆ? ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಒಂದು ಇಡೀ ಉದ್ಯಮ ಸಾಧ್ಯವೋ ಅಲ್ಲವೋ ಎಂಬುದರ ಒಂದು ತುದಿ ಇದಕ್ಕೆ ಕಟ್ಟಿಕೊಂಡಿತ್ತು.

ಉತ್ತರದ ತಿರುಳು ಅದಕ್ಕೂ ಅರ್ಧ ಶತಮಾನ ಹಿಂದಿನದು. ಹೈಡಲ್‌ಬರ್ಗಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಗುಸ್ಟಾಫ್ ಕಿರ್ಖಾಫ್ 1858ರಲ್ಲಿ ಉಷ್ಣದ ಯಾಂತ್ರಿಕ ಸಿದ್ಧಾಂತದ ಕುರಿತು ಒಂದು ಲೇಖನ ಪ್ರಕಟಿಸಿದ. ಅವನ ಗಮನವಿದ್ದದ್ದು ಕುಲುಮೆಗಳ ಮೇಲಲ್ಲ, ದ್ರಾವಣಗಳ ಮತ್ತು ಆವಿಗಳ ಮೇಲೆ. ಅವನು ಕಂಡುಕೊಂಡ ವಾದವನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು. ತಣ್ಣಗಿನ ಸಾರಜನಕ ಮತ್ತು ಜಲಜನಕದಿಂದ ಹೊರಟು ಬಿಸಿ ಅಮೋನಿಯವನ್ನು ತಲುಪಲು ಎರಡು ದಾರಿಗಳಿವೆ. ಮೊದಲು ಅನಿಲಗಳನ್ನು ಕಾಯಿಸಿ ಆಮೇಲೆ ಕೂಡಿಸಬಹುದು. ಅಥವಾ ತಣ್ಣಗಿರುವಾಗಲೇ ಕೂಡಿಸಿ, ಹುಟ್ಟಿದ ಅಮೋನಿಯವನ್ನು ಆಮೇಲೆ ಕಾಯಿಸಬಹುದು. ಹೊರಟ ಊರೂ ಸೇರುವ ಊರೂ ಒಂದೇ ಆದ್ದರಿಂದ ಸ್ಥಿರ ಒತ್ತಡದಲ್ಲಿ ಎರಡೂ ದಾರಿಯ ಶಾಖದ ಜಮಾಖರ್ಚು ಸರಿಸಮ ಇರಲೇಬೇಕು. ಆದುದರಿಂದ ಎರಡು ಉಷ್ಣತೆಗಳಲ್ಲಿ ಕ್ರಿಯೆಯ ಶಾಖಕ್ಕೆ ವ್ಯತ್ಯಾಸವಿದ್ದರೆ ಅದು ಉತ್ಪನ್ನವನ್ನು ಕಾಯಿಸುವ ವೆಚ್ಚಕ್ಕೂ ಮೂಲವಸ್ತುಗಳನ್ನು ಕಾಯಿಸುವ ವೆಚ್ಚಕ್ಕೂ ಇರುವ ಅಂತರವೇ ಹೊರತು ಬೇರೇನೂ ಅಲ್ಲ.

ಒಂದು ಮೋಲ್ ವಸ್ತುವನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖವನ್ನು Cp ಎಂದು ಬರೆದರೆ, ಉತ್ಪನ್ನಗಳ ಮೊತ್ತದಿಂದ ಮೂಲವಸ್ತುಗಳ ಮೊತ್ತವನ್ನು ಕಳೆದಾಗ ಬರುವುದು ΔCp. ಅದು ಬದಲಾಗದೆ ಇರುವಷ್ಟು ಸಣ್ಣ ಅಂತರಕ್ಕೆ ಕಿರ್ಖಾಫನ ನಿಯಮ ಇಷ್ಟೇ:

ΔH(T₂) = ΔH(T₁) + ΔCp (T₂ − T₁)

ಕಿರ್ಖಾಫನ ಸ್ವಂತ ಹೊಲದಲ್ಲೇ ಇದನ್ನು ಒಮ್ಮೆ ಪರೀಕ್ಷಿಸಿ ನೋಡೋಣ. ಒಂದು ಮೋಲ್ ನೀರು 25 ಡಿಗ್ರಿಯಲ್ಲಿ ಆವಿಯಾಗಲು 44.0 ಕಿಲೋಜೂಲ್ ಬೇಕು. ದ್ರವದ Cp 75.3 ಜೂಲ್, ಆವಿಯದು 33.6, ಅಂತರ ಋಣ 41.7. ಇದನ್ನು 75 ಡಿಗ್ರಿಗಳಿಂದ ಗುಣಿಸಿದರೆ 3.1 ಕಿಲೋಜೂಲ್ ಕಡಿಮೆಯಾಗಿ, 100 ಡಿಗ್ರಿಯಲ್ಲಿ 40.9 ಬರಬೇಕು. ಅಳತೆ ಮಾಡಿದ ಬೆಲೆ 40.7. ಇಷ್ಟು ಹತ್ತಿರ ಬಂದುದನ್ನು ಕಂಡವರು ಈ ಸೂತ್ರವನ್ನು ಕಣ್ಣು ಮುಚ್ಚಿ ನಂಬಿಬಿಡುವ ಅಪಾಯವಿದೆ. ಅಪಾಯ ಎಲ್ಲಿದೆ ಎಂಬುದನ್ನು ಅಮೋನಿಯ ತೋರಿಸಿಕೊಡುತ್ತದೆ.

1904ರ ಸುಮಾರಿಗೆ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹೇಬರ್, ಫಾನ್ ಓರ್ಟ್ ಎಂಬ ಸಹಾಯಕನೊಡನೆ ಅಮೋನಿಯದ ಸಮತೋಲವನ್ನು ಅಳೆಯಲು ಹೊರಟ. ವೇಗ ಸಾಲದ ಕಾರಣ ಸುಮಾರು 1000 ಡಿಗ್ರಿಯಷ್ಟು ಬಿಸಿಯಲ್ಲೇ ಕೆಲಸ ಮಾಡಬೇಕಾಯಿತು; ಅಲ್ಲಿ ಸಿಕ್ಕ ಅಮೋನಿಯ ಶೇಕಡಾ 0.005ರಿಂದ 0.012ರ ನಡುವೆ ತೂಗಾಡುತ್ತಿತ್ತು. ಹೇಬರ್ ದೊಡ್ಡ ಬೆಲೆಯ ಕಡೆಗೆ ವಾಲಿದ. ಬರ್ಲಿನ್ನಿನ ವಾಲ್ಟರ್ ನೆರ್ನ್‌ಸ್ಟ್ ತನ್ನ ಹೊಸ ಉಷ್ಣ ಪ್ರಮೇಯದಿಂದ ಲೆಕ್ಕ ಹಾಕಿ, ಅದು ಅತಿಯಾಯಿತೆಂದು ಆಕ್ಷೇಪಿಸಿದ. ಹೇಬರ್, ಲ ರೊಸಿನ್ಯೋಲ್‌ನೊಡನೆ ಮತ್ತೆ ಅಳೆದು 0.0048 ಎಂದು ತಿದ್ದಿಕೊಂಡ, ನೆರ್ನ್‌ಸ್ಟ್ 0.0032 ಎಂದ. 1907ರಲ್ಲಿ ಹ್ಯಾಂಬರ್ಗಿನಲ್ಲಿ ಸೇರಿದ ಬುನ್ಸೆನ್ ಸಂಘದ ಸಭೆಯಲ್ಲಿ ಇಬ್ಬರ ನಡುವೆ ಎಲ್ಲರೆದುರಿಗೇ ಮಾತು ಬೆಳೆಯಿತು. ಆ ಜಗಳದ ಕಥೆ ಬಹಳ ಸಲ ಹೇಳಿದ್ದಾಗಿದೆ. ನಮಗಿಲ್ಲಿ ಬೇಕಾದದ್ದು ಅದರ ಕೆಳಗಿದ್ದ ಲೆಕ್ಕ. ಒಂದು ಉಷ್ಣತೆಯ ಸಮತೋಲದಿಂದ ಇನ್ನೊಂದಕ್ಕೆ ಸಾಗಲು ಸೇತುವೆಯಾಗುವುದು ಆ ನಡುವಿನ ಪ್ರತಿ ಉಷ್ಣತೆಯಲ್ಲಿಯೂ ಕ್ರಿಯೆಯ ಶಾಖ ಎಷ್ಟೆಂಬ ಅರಿವು. ಶಾಖ ತಪ್ಪಿದರೆ ಸೇತುವೆ ಬೇರೆ ದಡಕ್ಕೆ ಕೊಂಡೊಯ್ಯುತ್ತದೆ.

ಲೆಕ್ಕವನ್ನು ಇಂದಿನ ಅಂಕಿಗಳಿಂದ 500 ಡಿಗ್ರಿಗೆ, ಎಂದರೆ 298 ಕೆಲ್ವಿನ್‌ನಿಂದ 773 ಕೆಲ್ವಿನ್‌ಗೆ, ಮಾಡಿ ನೋಡೋಣ. ಕೋಣೆಯ ಉಷ್ಣತೆಯಲ್ಲಿ ΔH ಋಣ 91.8 ಕಿಲೋಜೂಲ್. ಅಲ್ಲಿ ಒಂದು ಮೋಲ್‌ಗೆ Cp ಸಾರಜನಕದ್ದು 29.1, ಜಲಜನಕದ್ದು 28.8, ಅಮೋನಿಯದ್ದು 35.7 ಜೂಲ್. ಎರಡು ಅಮೋನಿಯ 71.4, ಒಂದು ಸಾರಜನಕ ಮೂರು ಜಲಜನಕ ಸೇರಿ 115.5, ಹಾಗಾಗಿ ΔCp ಋಣ 44.1. ಈ ಋಣ ಚಿಹ್ನೆಯನ್ನು ಮೊದಲೇ ಊಹಿಸಬಹುದಿತ್ತು. ನಾಲ್ಕು ಅಣುಗಳು ಎರಡಾಗುತ್ತಿವೆ; ಚಲಿಸಿ ತಿರುಗಿ ಶಾಖವನ್ನು ಹಿಡಿದಿಡುವ ಕಣಗಳೇ ಅರ್ಧಕ್ಕೆ ಇಳಿದಿವೆ. ಚಲನೆ ತಿರುಗುವಿಕೆಗಳನ್ನಷ್ಟೇ ಎಣಿಸಿದರೆ ಸುಮಾರು ಋಣ 50 ಬರುತ್ತದೆ. ತಾನು ಮಾಡಿದ ಕೂಡಿಸು ಕಳೆಯುವಿಕೆಯಲ್ಲಿ ΔCp ಧನವಾಗಿ ಬಂದರೆ, ಉತ್ಪನ್ನ ಮತ್ತು ಮೂಲವಸ್ತು ಅದಲುಬದಲಾಗಿವೆ ಎಂದು ವಿದ್ಯಾರ್ಥಿಗೆ ಅಲ್ಲೇ ಗೊತ್ತಾಗಬೇಕು. ಇನ್ನೊಂದು ಮಾಮೂಲಿ ಎಡವಟ್ಟು, Cp ಜೂಲ್‌ಗಳಲ್ಲಿದೆ, ΔH ಕಿಲೋಜೂಲ್‌ಗಳಲ್ಲಿದೆ ಎಂಬುದನ್ನು ಮರೆಯುವುದು. ಆಗ ಉತ್ತರ ಸಾವಿರಗಳಲ್ಲಿ ಬಂದು ತಾನೇ ಸಿಕ್ಕಿಬೀಳುತ್ತದೆ.

ΔCp ಬದಲಾಗುವುದಿಲ್ಲವೆಂದು ಭಾವಿಸಿ 475ರಿಂದ ಗುಣಿಸಿದರೆ ತಿದ್ದುಪಡಿ ಋಣ 20.9 ಕಿಲೋಜೂಲ್, 500 ಡಿಗ್ರಿಯಲ್ಲಿ ΔH ಋಣ 112.7. ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಸೂತ್ರ ಇಲ್ಲಿ ತಪ್ಪುತ್ತದೆ. ಕಾರಣ ಅಮೋನಿಯದ ಅಣುವಿನಲ್ಲಿದೆ. ಸಾರಜನಕ ಮತ್ತು ಜಲಜನಕಗಳ ಜೋಡಿ ಪರಮಾಣುಗಳ ಬಂಧ ಬಲು ಬಿಗಿ; 500 ಡಿಗ್ರಿಯಲ್ಲಿಯೂ ಅವು ಹೆಚ್ಚು ಕಂಪಿಸುವುದಿಲ್ಲ. ಅವುಗಳ Cp 31.2 ಮತ್ತು 29.6ಕ್ಕೆ ಮಾತ್ರ ಏರುತ್ತದೆ. ಅಮೋನಿಯದ ನಾಲ್ಕು ಪರಮಾಣುಗಳು ಕೊಡೆ ಅರಳಿ ಮುಚ್ಚುವಂತೆ ಸುಲಭವಾಗಿ ಕಂಪಿಸಬಲ್ಲವು. ಬಿಸಿ ಏರಿದಂತೆ ಆ ಕಂಪನ ಶಾಖವನ್ನು ನುಂಗುತ್ತಾ ಹೋಗಿ Cp 50.5 ಆಗುತ್ತದೆ. ಈಗ ಎರಡು ಅಮೋನಿಯ 101.0, ಮೂಲವಸ್ತುಗಳು 120.0, ΔCp ಋಣ 19.0 ಮಾತ್ರ. ದಾರಿಯ ಆರಂಭದಲ್ಲಿದ್ದ 44 ಕೊನೆಗೆ ಅರ್ಧಕ್ಕೂ ಕೆಳಗೆ ಇಳಿದಿದೆ. ಎರಡು ತುದಿಗಳ ಸರಾಸರಿ ಋಣ 31.55 ತೆಗೆದುಕೊಂಡು 475ರಿಂದ ಗುಣಿಸಿದರೆ ಋಣ 15.0; ΔH ಋಣ 106.8. ಪ್ರತಿ ನೂರು ಡಿಗ್ರಿಗೂ ಬೆಲೆ ಕೊಡುವ ಕೋಷ್ಟಕಗಳಿಂದ ಬರುವ ಉತ್ತರ ಸುಮಾರು ಋಣ 106.7. ಇಷ್ಟು ಸರಳವಾದ ಸರಾಸರಿ ಇಷ್ಟು ಒಳ್ಳೆಯ ಫಲ ಕೊಡಲು ಕಾರಣ, ಈ ಅಂತರದಲ್ಲಿ ΔCp ಬಹುಮಟ್ಟಿಗೆ ಸರಳರೇಖೆಯಲ್ಲಿ ಬದಲಾಗುವುದು. ಅದೇ ರೇಖೆಯನ್ನು ಮುಂದಕ್ಕೆ ಎಳೆದರೆ 860 ಡಿಗ್ರಿ ಆಗುವ ಮೊದಲೇ ΔCp ಸೊನ್ನೆಯಾಗುತ್ತದೆ. ವಾಸ್ತವದಲ್ಲಿ ಅದು ಸೊನ್ನೆ ಮುಟ್ಟುವುದು 1000 ಡಿಗ್ರಿ ದಾಟಿದ ಮೇಲೆಯೇ. ಹೇಬರ್ ಮೊದಲು ಅಳೆದ ಬಿಸಿಗೆ ರೇಖೆ ಸಾಲದು, ಅಳತೆಯೇ ಬೇಕು.

ಆರು ಕಿಲೋಜೂಲ್ ವ್ಯತ್ಯಾಸ ಯಾವ ಲೆಕ್ಕ ಎನ್ನಿಸಬಹುದು. ಕೋಣೆಯ ಉಷ್ಣತೆಯ ಸಮತೋಲಾಂಕದಿಂದ ಹೊರಟು, ಮೂರು ಬಗೆಯ ಶಾಖಗಳನ್ನೂ ಹಾಕಿ 500 ಡಿಗ್ರಿಗೆ ಬಂದು ನೋಡಿದೆವು. ಶಾಖ ಬದಲಾಗುವುದೇ ಇಲ್ಲವೆಂದುಕೊಂಡರೆ ಸಾಮಾನ್ಯ ಒತ್ತಡದಲ್ಲಿ ಶೇಕಡಾ 0.28 ಅಮೋನಿಯ ಸಿಗಬೇಕು. ΔCp ಸ್ಥಿರವೆಂದುಕೊಂಡರೆ 0.11. ಸರಿಯಾಗಿ ತಿದ್ದಿದರೆ 0.13. ತಿದ್ದದೆ ಹೊರಟವನಿಗೆ ಇಲ್ಲದ ಅಮೋನಿಯ ಎರಡರಷ್ಟು ಕಾಣಿಸುತ್ತದೆ. ಅರ್ಧ ತಿದ್ದಿದವನಿಗೆ ಇರುವುದರಲ್ಲಿಯೂ ಒಂದಷ್ಟು ಮರೆಯಾಗುತ್ತದೆ. ಎಷ್ಟು ಒತ್ತಡ ಹೇರಬೇಕು, ಅದನ್ನು ತಡೆಯುವ ಉಕ್ಕಿನ ಕೊಳವೆ ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆಗಳು ಈ ಸಂಖ್ಯೆಯ ಮೇಲೆ ನಿಂತಿದ್ದವು.

ಆ ಕಾಲದವರ ಕೈಯಲ್ಲಿ ನಮ್ಮ ಕೋಷ್ಟಕಗಳಿರಲಿಲ್ಲ. ಪ್ಯಾರಿಸ್ಸಿನ ರೆನ್ಯೋ ಮತ್ತು ಅವನ ನಂತರದವರು ಅಮೋನಿಯದ ವಿಶಿಷ್ಟೋಷ್ಣವನ್ನು ಅಳೆದದ್ದು ಸುಮಾರು 200 ಡಿಗ್ರಿಯವರೆಗೆ, ಅದರಾಚೆ ಊಹೆ. ಅಲ್ಲದೆ ರೆನ್ಯೋ ಅಳೆದದ್ದು ಎರಡು ಉಷ್ಣತೆಗಳ ನಡುವಿನ ಸರಾಸರಿಯನ್ನು. ಸರಳರೇಖೆಯಲ್ಲಿ ಏರುವ Cpಗೆ ಆ ಸರಾಸರಿ ಸೇರುವುದು ನಡುವಿನ ಉಷ್ಣತೆಗೆ. ಅದನ್ನು ಮೇಲಿನ ತುದಿಯ ಬೆಲೆಯೆಂದು ಓದಿದವರು ಏರಿಕೆಯನ್ನು ಅರ್ಧಕ್ಕೆ ಕತ್ತರಿಸಿದಂತೆ. ಹಳೆಯ ಪುಸ್ತಕಗಳಿಂದ ಅಂಕಿ ತೆಗೆದುಕೊಳ್ಳುವವರು ಈಗಲೂ ಇಲ್ಲಿ ಎಡವುತ್ತಾರೆ. ಇದರ ಮೇಲೆ, ಹೊರಡುವ ಸಂಖ್ಯೆಯೇ ಅಲುಗಾಡುತ್ತಿತ್ತು. ಕೋಪನ್‌ಹೇಗನ್ನಿನ ಥಾಮ್ಸೆನ್ ಮತ್ತು ಪ್ಯಾರಿಸ್ಸಿನ ಬರ್ತೆಲೋ ಅವರ ಅಳತೆಗಳಲ್ಲಿ ಒಂದು ಮೋಲ್ ಅಮೋನಿಯದ ಶಾಖ ಸುಮಾರು 12 ಕಿಲೋಕ್ಯಾಲರಿ, ಇಂದಿನದು 11. Cp ಎಷ್ಟೇ ನಿಖರವಾಗಿದ್ದರೂ ಕಿರ್ಖಾಫನ ನಿಯಮ ಈ ತಪ್ಪನ್ನು ಸರಿಪಡಿಸದು. 25 ಡಿಗ್ರಿಯಿಂದ 500ಕ್ಕೆ ಹಾಗೆಯೇ ಹೊತ್ತೊಯ್ಯುತ್ತದೆ.

ನೆರ್ನ್‌ಸ್ಟ್ ಕಂಡುಕೊಂಡ ಅಡ್ಡದಾರಿ ನಮಗೆ ಕುತೂಹಲಕರವೆನಿಸಿತು. ಅವನ ಅಂದಾಜು ಸೂತ್ರ ಅನಿಲಗಳ ವಿಶಿಷ್ಟೋಷ್ಣಗಳನ್ನು ಬಿಡಿಬಿಡಿಯಾಗಿ ಕೇಳುವುದೇ ಇಲ್ಲ. ಕ್ರಿಯೆಯಲ್ಲಿ ಕಡಿಮೆಯಾಗುವ ಪ್ರತಿ ಮೋಲ್ ಅನಿಲಕ್ಕೆ ಡಿಗ್ರಿಯೊಂದಕ್ಕೆ 3.5 ಕ್ಯಾಲರಿ ಎಂದು ಹಿಡಿದುಬಿಡುತ್ತದೆ. ಅಮೋನಿಯದಲ್ಲಿ ಎರಡು ಮೋಲ್ ಕಡಿಮೆ, ಆದ್ದರಿಂದ ಋಣ 7 ಕ್ಯಾಲರಿ, ಎಂದರೆ ಋಣ 29.3 ಜೂಲ್. ನಾವು ಮೇಲೆ ಪಡೆದ ಸರಾಸರಿ ಋಣ 31.55. ಕೋಣೆಯ ಉಷ್ಣತೆಯ ನಿಖರ ΔCp ಹಿಡಿದು ಹೊರಟವನಿಗಿಂತ ಈ ಒರಟು ಅಂದಾಜಿನವನು ಸತ್ಯಕ್ಕೆ ಹತ್ತಿರವಿದ್ದ. ಬೇರೆ ಕ್ರಿಯೆಗಳಲ್ಲಿ ಅದೃಷ್ಟ ಹೀಗೆ ಕೈಹಿಡಿಯುತ್ತದೆಂದು ಹೇಳಲಾಗದು.

1909ರ ಜುಲೈಯಲ್ಲಿ ಹೇಬರನ ಯಂತ್ರದಿಂದ ಅಮೋನಿಯ ಹನಿಯಾಗಿ ಇಳಿಯಿತು, ಉದ್ಯಮ ನಡೆದೇಬಿಟ್ಟಿತು. ಆದರೂ ಅವನು ಲೆಕ್ಕವನ್ನು ಅಲ್ಲಿಗೆ ಬಿಡಲಿಲ್ಲ. ಜಪಾನಿನಿಂದ ಬಂದು ಅವನೊಡನೆ ಸೇರಿದ್ದ ಸೆತ್ಸುರೋ ತಮಾರು ಎಂಬ ರಸಾಯನವಿಜ್ಞಾನಿಯ ಜೊತೆಗೂಡಿ ಮಾಡಿದ ಅಳತೆಗಳು 1915ರ ಹೊತ್ತಿಗೆ ಪ್ರಕಟವಾದವು. ಅಮೋನಿಯದ ಶಾಖವನ್ನು ಸಾಮಾನ್ಯ ಉಷ್ಣತೆಯಲ್ಲಿ ಒಮ್ಮೆ, ಕುಲುಮೆಯ ಉಷ್ಣತೆಗಳಲ್ಲಿ ನೇರವಾಗಿ ಇನ್ನೊಮ್ಮೆ, ಅದರ ವಿಶಿಷ್ಟೋಷ್ಣವನ್ನು ಪ್ರತ್ಯೇಕವಾಗಿ ಮತ್ತೊಮ್ಮೆ ಅವರು ಅಳೆದರು. ಕಿರ್ಖಾಫನ ಎರಡು ದಾರಿಗಳಲ್ಲಿ ಪ್ರತಿಯೊಂದು ಮಜಲಿಗೂ ಈಗ ಅಳತೆ ಮಾಡಿದ ಒಂದು ಸಂಖ್ಯೆ ಇತ್ತು. ಬಾಕಿ ಉಳಿದದ್ದು ಒತ್ತಡದ ಪ್ರಶ್ನೆ: ಇಲ್ಲಿನ Cpಗಳೆಲ್ಲ ಅನಿಲಗಳು ಆದರ್ಶ ಅನಿಲಗಳಂತೆ ವರ್ತಿಸುವಾಗಿನವು, ಇನ್ನೂರು ವಾಯುಭಾರದಲ್ಲಿ ಅಣುಗಳು ಒಂದನ್ನೊಂದು ಸೆಳೆಯತೊಡಗಿ ಶಾಖಕ್ಕೆ ಇನ್ನೊಂದು ತಿದ್ದುಪಡಿ ಬೇಕಾಗುತ್ತದೆ, ಅದು ಕಿರ್ಖಾಫನ ಸೂತ್ರದೊಳಗೆ ಇಲ್ಲ.