ಕಾಣದ ಗುಳಿಯ ವಿಸ್ತೀರ್ಣ: ನ್ಯಾನೊ ಒತ್ತುಪರೀಕ್ಷೆಯ ಇತಿಹಾಸದಿಂದ ಒಂದು ಅಧ್ಯಾಯ

ಕಾಠಿಣ್ಯದ ಅಳತೆ ಬಹುಕಾಲ ಕಣ್ಣನ್ನೇ ನಂಬಿ ನಡೆಯಿತು. 1900ರಲ್ಲಿ ಸ್ವೀಡನ್ನಿನ ಬ್ರಿನೆಲ್ ಪ್ರಕಟಿಸಿದ ವಿಧಾನದಲ್ಲಿ ಉಕ್ಕಿನ ಗುಂಡನ್ನು ಲೋಹದ ಮೇಲೆ ಒತ್ತಿ, ಉಳಿದ ಗುಳಿಯ ವ್ಯಾಸವನ್ನು ಅಳೆದು, ಹೊರೆಯನ್ನು ಗುಳಿಯ ವಿಸ್ತೀರ್ಣದಿಂದ ಭಾಗಿಸುತ್ತಿದ್ದರು. ಆದರೆ ಗಾಜಿನ ಮೇಲೆ ಲೇಪಿಸಿದ ಒಂದು ಮೈಕ್ರೊಮೀಟರ್ ದಪ್ಪದ ಅಲ್ಯುಮಿನಿಯಂ ಪದರಕ್ಕೆ ಈ ಕ್ರಮ ಸಲ್ಲದು. ಕೆಳಗಿನ ಗಾಜಿನ ಪ್ರಭಾವ ತಟ್ಟದಿರಬೇಕಾದರೆ ಮೊನೆ ಪದರದ ಹತ್ತನೆಯ ಒಂದು ಭಾಗಕ್ಕಿಂತ, ಎಂದರೆ 100 ನ್ಯಾನೊಮೀಟರಿಗಿಂತ, ಆಳಕ್ಕಿಳಿಯಬಾರದೆಂಬುದು ರೂಢಿಯ ನಿಯಮ. ಆಗ ಮೂಡುವ ತ್ರಿಕೋನಾಕಾರದ ಗುಳಿಯ ಬಾಹು ಸುಮಾರು 0.7 ಮೈಕ್ರೊಮೀಟರ್, ಅದು ಕೆಂಪು ಬೆಳಕಿನ ತರಂಗದಷ್ಟೇ ಉದ್ದ. ಗುಳಿಯನ್ನು ನೋಡದೆಯೇ ಅದರ ವಿಸ್ತೀರ್ಣವನ್ನು ತಿಳಿದ ಬಗೆ ಯಾವುದು, ಆ ತಿಳಿವು ಎಷ್ಟು ನಂಬಲರ್ಹ ಎಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಇದರ ಬೀಜ ಇಂಗ್ಲೆಂಡಿನ ಟೇಬರ್ ಅವರ ಕೆಲಸದಲ್ಲಿದೆ. ಸ್ಟಿಲ್‌ವೆಲ್ ಅವರೊಡನೆ 1961ರಲ್ಲಿ ಅವರು ಶಂಕುವಿನಾಕಾರದ ಮೊನೆಯೊತ್ತಿದ ಗುಳಿಗಳನ್ನು ಪರಿಶೀಲಿಸಿದರು. ಹೊರೆ ತೆಗೆದಾಗ ಗುಳಿಯ ಬಾಯಿ ಹೆಚ್ಚೇನೂ ಬದಲಾಗದೆ ತಳ ಮಾತ್ರ ಮೇಲೇಳುತ್ತದೆ. ಈ ಮರುಕಳಿಕೆ ಸ್ಥಿತಿಸ್ಥಾಪಕ ಗುಣದ್ದು. ಹಾಗಾದರೆ ಹೊರೆಯಿಳಿಸುವಾಗಿನ ವರ್ತನೆಯಲ್ಲಿ ವಸ್ತುವಿನ ಸ್ಥಿತಿಸ್ಥಾಪಕ ಗುಣಾಂಕ ಅಡಗಿರಲೇಬೇಕು. ಸ್ನೆಡನ್ 1965ರಲ್ಲಿ ಇದಕ್ಕೆ ಬೇಕಾದ ಗಣಿತವನ್ನು ಒದಗಿಸಿದರು. 1975ರಲ್ಲಿ ಸೋವಿಯತ್ ದೇಶದ ಬುಲಿಚೆವ್, ಅಲ್ಯೋಖಿನ್ ಮೊದಲಾದವರು ಹೊರೆ-ಆಳಗಳ ವಕ್ರರೇಖೆಯಲ್ಲಿ ಇಳಿಕೆಯ ಆರಂಭದ ಓಟವನ್ನು, ಎಂದರೆ ಬಿಗುವನ್ನು, ಗುಣಾಂಕಕ್ಕೂ ವಿಸ್ತೀರ್ಣದ ವರ್ಗಮೂಲಕ್ಕೂ ಜೋಡಿಸಿದರು.

ಉಳಿದ ಪ್ರಶ್ನೆ ವಿಸ್ತೀರ್ಣದ್ದು. 1986ರಲ್ಲಿ ಡೋರ್ನರ್ ಮತ್ತು ನಿಕ್ಸ್ ಇಳಿಕೆಯ ಮೊದಲ ಭಾಗ ಸರಳರೇಖೆಯೆಂದೆಣಿಸಿ, ಅದನ್ನು ಶೂನ್ಯ ಹೊರೆಯವರೆಗೆ ಬೆಳೆಸಿ ಆಳವನ್ನು ನಿರ್ಣಯಿಸಿದರು. 1992ರಲ್ಲಿ ಆಲಿವರ್ ಮತ್ತು ಫಾರ್ ಆರು ವಸ್ತುಗಳನ್ನು ಪರೀಕ್ಷಿಸಿ, ಆ ಭಾಗ ಮೊದಲಿನಿಂದಲೇ ಬಾಗಿದೆಯೆಂದೂ ಅದು ಘಾತನಿಯಮವನ್ನು ಅನುಸರಿಸುವುದೆಂದೂ ತೋರಿಸಿದರು. ಅವರ ಕ್ರಮದಲ್ಲಿ ಗರಿಷ್ಠ ಹೊರೆಯನ್ನು ಬಿಗುವಿನಿಂದ ಭಾಗಿಸಿ, 0.75ರಿಂದ ಗುಣಿಸಿ, ಬಂದುದನ್ನು ಗರಿಷ್ಠ ಆಳದಿಂದ ಕಳೆದರೆ ಮೊನೆ ನಿಜವಾಗಿ ತಾಗಿರುವ ಆಳ ದೊರೆಯುತ್ತದೆ.

ನಿದರ್ಶನಕ್ಕಾಗಿ ನಾವೇ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ನಮ್ಮ ಪದರದ ಮೇಲೆ ಗರಿಷ್ಠ ಹೊರೆ 0.225 ಮಿಲಿನ್ಯೂಟನ್, ಆಳ 100 ನ್ಯಾನೊಮೀಟರ್, ಬಿಗುವು ನ್ಯಾನೊಮೀಟರಿಗೆ 0.040 ಮಿಲಿನ್ಯೂಟನ್ ಎಂದಿರಲಿ. ಕಳೆಯಬೇಕಾದುದು 4.2, ತಾಗಿದ ಆಳ 95.8 ನ್ಯಾನೊಮೀಟರ್. ದೋಷವಿಲ್ಲದ ಬೆರ್ಕೊವಿಚ್ ಮೊನೆಗೆ ವಿಸ್ತೀರ್ಣ ಈ ಆಳದ ವರ್ಗದ 24.5 ಪಟ್ಟು, ಎಂದರೆ 0.225 ಚದರ ಮೈಕ್ರೊಮೀಟರ್. (ನಿಜವಾದ ಮೊನೆ ತುಸು ಮೊಂಡಾಗಿರುವುದರಿಂದ ಗುಣಾಂಕ ಗೊತ್ತಿರುವ ಸಿಲಿಕಾ ಗಾಜಿನ ಮೇಲೆ ಒತ್ತಿ ಈ ಸಂಬಂಧವನ್ನು ತಿದ್ದಿಕೊಳ್ಳಬೇಕು.) ಹೊರೆಯನ್ನು ವಿಸ್ತೀರ್ಣದಿಂದ ಭಾಗಿಸಿದರೆ ಕಾಠಿಣ್ಯ 1 ಗಿಗಾಪಾಸ್ಕಲ್. ಬಿಗುವಿನಿಂದ ಬರುವ ಸಂಯುಕ್ತ ಗುಣಾಂಕ ಸುಮಾರು 75. ಅದರಲ್ಲಿ ವಜ್ರದ ಮೊನೆಯ ಪಾಲನ್ನು ಕಳೆದರೆ ಪದರದ ಗುಣಾಂಕ 70 ಗಿಗಾಪಾಸ್ಕಲ್. ಅಲ್ಯುಮಿನಿಯಂಗೆ ಸಲ್ಲುವ ಬೆಲೆ ಇದೇ.

ಆದರೆ ಇಡೀ ಲೆಕ್ಕ ಒಂದು ಊಹೆಯನ್ನು ಆಧರಿಸಿದೆ: ಮೊನೆಯ ಸುತ್ತಲಿನ ಮೇಲ್ಮೈ ಕೆಳಕ್ಕೆ ಬಾಗುತ್ತದೆಂಬುದು. ಗಡಸು ಗಾಜಿನ ಮೇಲಿರುವ ಮೆತು ಲೋಹ ಕೆಳಕ್ಕೆ ಹರಿಯಲಾರದೆ ಮೊನೆಯ ಬದಿಗಳಲ್ಲಿ ದಿಣ್ಣೆಯಾಗಿ ಏಳುತ್ತದೆ. ಆ ದಿಣ್ಣೆಯೂ ಹೊರೆ ಹೊರುತ್ತದೆ. ವಕ್ರರೇಖೆಗೆ ಮಾತ್ರ ಅದು ಕಾಣದು. ವಿಸ್ತೀರ್ಣ ನಿಜವಾಗಿ ಶೇಕಡಾ 20ರಷ್ಟು ಹೆಚ್ಚಿದ್ದರೆ ನಾವು ಬರೆಯುವ ಕಾಠಿಣ್ಯ ಶೇಕಡಾ 20ರಷ್ಟೂ ಸಂಯುಕ್ತ ಗುಣಾಂಕ ಸುಮಾರು 10ರಷ್ಟೂ ಉಬ್ಬಿರುತ್ತವೆ. 1999ರಲ್ಲಿ ಟ್ಸುಯಿ ಮತ್ತು ಫಾರ್ ಗಾಜಿನ ಮೇಲಿನ 240, 650, 1700 ನ್ಯಾನೊಮೀಟರ್ ದಪ್ಪದ ಅಲ್ಯುಮಿನಿಯಂ ಪದರಗಳಲ್ಲಿ ಇದನ್ನೇ ಕಂಡರು. ಕಾಠಿಣ್ಯದಲ್ಲಿ ದೋಷ ಶೇಕಡಾ 100ರವರೆಗೂ ಗುಣಾಂಕದಲ್ಲಿ 50ರವರೆಗೂ ಹೋಗಿತ್ತು. ಆಳ ಪದರದ ದಪ್ಪಕ್ಕೆ ಸಮೀಪಿಸಿದಾಗ ಅದು ಅತ್ಯಧಿಕವಾಗಿತ್ತು.

ಈ ಜೋಡಿಯಲ್ಲಿ ದೋಷವನ್ನು ಗುರುತಿಸುವ ಉಪಾಯವೂ ಇದೆ. ಅಲ್ಯುಮಿನಿಯಂ, ಗಾಜು ಎರಡರ ಗುಣಾಂಕವೂ ಸುಮಾರು 70. ಆದುದರಿಂದ ಆಳ ಹೆಚ್ಚಿದಂತೆ ಗುಣಾಂಕ 80, 90 ಎಂದು ಏರಿದರೆ ಅದನ್ನು ಗಾಜಿನ ಬಿಗುವಿಗೆ ಆರೋಪಿಸಲಾಗದು, ತಪ್ಪಿರುವುದು ವಿಸ್ತೀರ್ಣವೇ. ಆಗ ಗೊತ್ತಿರುವ ಗುಣಾಂಕವನ್ನು ಹಿಡಿದು, ಬಿಗುವಿನಿಂದ ವಿಸ್ತೀರ್ಣವನ್ನು ಹಿಮ್ಮುಖವಾಗಿ ಗಣಿಸಿ ಕಾಠಿಣ್ಯವನ್ನು ತಿದ್ದಬಹುದು. ಪದರದ ಮತ್ತು ಆಧಾರದ ಗುಣಾಂಕಗಳು ಬೇರೆಯಾದಲ್ಲಿ ಈ ಉಪಾಯ ನೇರವಾಗಿ ಸಲ್ಲದು. ಸ್ಥಿತಿಸ್ಥಾಪಕ ವಿಕಾರ ಗುಳಿಗಿಂತ ಬಹುದೂರ ಹಬ್ಬುವುದರಿಂದ, ಹತ್ತನೆಯ ಒಂದು ಭಾಗದ ನಿಯಮ ಕಾಠಿಣ್ಯವನ್ನು ಕಾಪಾಡಿದರೂ ಗುಣಾಂಕವನ್ನು ಕಾಪಾಡದು. ಅಂತಹ ಪದರದಲ್ಲಿ ಹಲವು ಆಳಗಳಲ್ಲಿ ಅಳೆದು ಶೂನ್ಯದ ಕಡೆಗೆ ಬೆಳೆಸಿ ನೋಡಬೇಕು; ಗುಳಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೋ ಪರಮಾಣುಬಲ ಸೂಕ್ಷ್ಮದರ್ಶಕದಲ್ಲೋ ಪರೀಕ್ಷಿಸಬೇಕು. ಕಣ್ಣನ್ನು ಬಿಟ್ಟು ಹೊರಟ ವಿಧಾನ ಇಲ್ಲಿ ಮರಳಿ ಕಣ್ಣಿನ ಸಾಕ್ಷ್ಯವನ್ನೇ ಬೇಡುತ್ತದೆ.