ಋಣಭಾರ ಪತ್ರದಲ್ಲಿ ಬಿಟ್ಟುಹೋದ ನಮೂದು: ಉಪ ನೋಂದಣಾಧಿಕಾರಿಗೆ ಬರೆಯುವ ಪತ್ರ

ನೋಂದಣಿಯಾದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಅಥವಾ ಅಡಮಾನ ಪತ್ರದ ವಿವರ ಋಣಭಾರ ಪತ್ರದಲ್ಲಿ ಕಾಣದೆ ಹೋದಾಗ, ಅದನ್ನು ಸೇರಿಸಿಕೊಡುವಂತೆ ಆ ಸ್ವತ್ತಿನ ವ್ಯಾಪ್ತಿಯ ಉಪ ನೋಂದಣಾಧಿಕಾರಿಗೆ ಕೊಡುವ ಲಿಖಿತ ಮನವಿ ಇದು. ಋಣಭಾರ ಪತ್ರವನ್ನು ಆಡುಮಾತಿನಲ್ಲಿ ಎಲ್ಲರೂ ಇ.ಸಿ. ಎನ್ನುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ಪತ್ರದ ಅಗತ್ಯ ಹೆಚ್ಚಾಗಿ ತಿಳಿದುಬರುವುದು ತೋಟದ ಮೇಲೆ ಬ್ಯಾಂಕ್ ಸಾಲ ಕೇಳಿದಾಗ. ಬ್ಯಾಂಕಿನ ವಕೀಲರು ಹಿಂದಿನ ವರ್ಷಗಳ ಇ.ಸಿ. ತೆಗೆಸುತ್ತಾರೆ. ಕೈಯಲ್ಲಿ ಮೂಲ ಕ್ರಯಪತ್ರವಿದ್ದರೂ ಇ.ಸಿ.ಯಲ್ಲಿ ಅದರ ಸುಳಿವಿಲ್ಲದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಇ.ಸಿ. ಸ್ವತಂತ್ರ ದಾಖಲೆಯಲ್ಲ, ಹುಡುಕಾಟದ ಫಲಿತಾಂಶ. 1908ರ ನೋಂದಣಿ ಕಾಯ್ದೆಯ 51ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕದಲ್ಲಿ ದಾಖಲಾಗುತ್ತವೆ. 55ನೇ ಕಲಂ ಪ್ರಕಾರ ಆ ಪುಸ್ತಕಕ್ಕೆ ಎರಡು ಸೂಚಿಗಳಿರುತ್ತವೆ: ಕಕ್ಷಿದಾರರ ಹೆಸರಿನದು ಒಂದು, ಸ್ವತ್ತಿನ ವಿವರದ್ದು ಇನ್ನೊಂದು. ಅರ್ಜಿದಾರ ಕೊಟ್ಟ ಗ್ರಾಮ, ಸರ್ವೆ ನಂಬರು, ಅವಧಿ ಇಟ್ಟುಕೊಂಡು ಈ ಸೂಚಿಗಳಲ್ಲಿ ಹುಡುಕಿ ಸಿಕ್ಕಿದ್ದನ್ನು ನಮೂನೆ 15ರಲ್ಲಿ ಕೊಡುತ್ತಾರೆ. ಏನೂ ಸಿಗದಿದ್ದರೆ ಸಿಗುವುದು ನಮೂನೆ 16, ಅಂದರೆ ‘ನಿಲ್’ ಇ.ಸಿ. ನೋಂದಣಿಯಾದ ಪತ್ರದಲ್ಲಿ ಸ್ವತ್ತನ್ನು ಒಂದು ಬಗೆಯಲ್ಲಿ ವಿವರಿಸಿ ಅರ್ಜಿಯಲ್ಲಿ ಬೇರೆ ಬಗೆಯಲ್ಲಿ ಬರೆದರೆ ಆ ವ್ಯವಹಾರ ಇ.ಸಿ.ಗೆ ಬರುವುದಿಲ್ಲ. ಆದ್ದರಿಂದ ‘ನಮೂದು ಇಲ್ಲ’ ಎಂದರೆ ನೋಂದಣಿಯೇ ಆಗಿಲ್ಲ ಎಂದಲ್ಲ, ಕೇಳಿದ ಜಾಗದಲ್ಲಿ ಅದು ಸಿಗಲಿಲ್ಲ ಎಂದಷ್ಟೇ.

ಸೂಚಿ ಬರೆಯುವಾಗಿನ ಕೈತಪ್ಪು ಹಕ್ಕನ್ನು ಕಸಿಯುವುದಿಲ್ಲ ನಿಜ. ಸರಿಯಾಗಿ ನೋಂದಣಿಯಾದ ಕ್ರಯಪತ್ರ ಸೂಚಿಯಲ್ಲಿ ಬಿಟ್ಟುಹೋದ ಮಾತ್ರಕ್ಕೆ ಅಸಿಂಧುವಾಗದು. ಆದರೂ ಇದನ್ನು ಹಗುರವಾಗಿ ಕಾಣುವಂತಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿನಂತೆ, ನೋಂದಣಿಯಾದ ಪತ್ರದ ವಿಷಯ ಮುಂದೆ ಆ ಸ್ವತ್ತು ಕೊಳ್ಳುವವರಿಗೆ ತಿಳಿದಿದೆ ಎಂದೇ ಭಾವಿಸಬೇಕು. ಆದರೆ ಅದಕ್ಕೆ ಹಾಕಿದ ಷರತ್ತುಗಳಲ್ಲಿ 55ನೇ ಕಲಮಿನ ಸೂಚಿಗಳಲ್ಲಿ ವಿವರ ಸರಿಯಾಗಿ ನಮೂದಾಗಿರಬೇಕೆಂಬುದೂ ಒಂದು. ಸೂಚಿ ತಪ್ಪಿದ್ದರೆ, ‘ನಿಲ್’ ಇ.ಸಿ. ನಂಬಿ ಅದೇ ಜಮೀನನ್ನು ಹಳೆಯ ಮಾಲೀಕನಿಂದ ಎರಡನೇ ಸಲ ಕೊಂಡವನು ‘ನನಗೆ ತಿಳಿದಿರಲಿಲ್ಲ’ ಎಂದು ವಾದ ಹೂಡಲು ದಾರಿಯಾಗುತ್ತದೆ. ವಾದ ಗೆಲ್ಲಲಿ ಬಿಡಲಿ, ವ್ಯಾಜ್ಯವಂತೂ ಗ್ಯಾರಂಟಿ.

ಪತ್ರಕ್ಕೆ ಮುನ್ನ

ಮೊದಲು ನೋಡಬೇಕಾದದ್ದು ಆ ವ್ಯವಹಾರ ಇ.ಸಿ.ಯಲ್ಲಿ ಬರಬೇಕಾದದ್ದೇ ಎಂಬುದನ್ನು. ಮರಣಶಾಸನ 3ನೇ ಪುಸ್ತಕಕ್ಕೆ ಸೇರುತ್ತದೆ, ಇ.ಸಿ.ಗೆ ಬರುವುದಿಲ್ಲ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಪಡೆದ ಸಾಲ, ಅದರ ಬಗ್ಗೆ ಯಾವ ಪತ್ರವೂ ನೋಂದಣಿಯಾಗದಿದ್ದರೆ, ಕಾಣುವುದಿಲ್ಲ. ಮುದ್ರಾಂಕ ಶುಲ್ಕ ಕಡಿಮೆಯಾಯಿತೆಂದು ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಕಲಮಿನಡಿ ಮೌಲ್ಯ ನಿರ್ಧಾರಕ್ಕೆ ಹೋದ ಪತ್ರ, ಕಚೇರಿಯ ಮಾತಿನಲ್ಲಿ ‘ಪೆಂಡಿಂಗ್’ ಬಿದ್ದ ಪತ್ರ, ಬಾಕಿ ಕಟ್ಟಿ ನೋಂದಣಿ ಪೂರ್ಣವಾಗುವವರೆಗೆ ಸೂಚಿಗೆ ಏರದು. ಇದಕ್ಕೆ ಪತ್ರ ಬರೆದು ಪ್ರಯೋಜನವಿಲ್ಲ, ಬಾಕಿ ಕಟ್ಟಬೇಕು.

ಕಾಲದ ಗೆರೆಯೊಂದಿದೆ. ಕಾವೇರಿ ತಂತ್ರಾಂಶದಲ್ಲಿ ಗಣಕೀಕೃತ ಇ.ಸಿ. ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನ ಅವಧಿಗೆ. ಅದಕ್ಕೂ ಹಿಂದಿನದು ಕೈಬರಹದ ಸೂಚಿಗಳಲ್ಲಿರುವುದರಿಂದ ಕಚೇರಿಯಲ್ಲೇ ಅರ್ಜಿ ಕೊಟ್ಟು ಹುಡುಕಿಸಬೇಕು. 1996ರ ಕ್ರಯಪತ್ರ ಆನ್‌ಲೈನ್ ಇ.ಸಿ.ಯಲ್ಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಕಾಫಿ ಸೀಮೆಗೇ ಅಂಟಿಕೊಂಡ ಕಾರಣಗಳು ಬೇರೆ. ಇಲ್ಲಿನ ತೋಟ ಒಂದೇ ಸರ್ವೆ ನಂಬರಿನಲ್ಲಿರುವುದು ಅಪರೂಪ. ಪಿತ್ರಾರ್ಜಿತ ಹಿಡುವಳಿ, ದರಖಾಸ್ತಿನಲ್ಲಿ ಬಂದ ಮಂಜೂರಾತಿ, ಪಕ್ಕದವರಿಂದ ಕೊಂಡ ತುಂಡು, ಎಲ್ಲ ಸೇರಿ ಒಂದು ತೋಟ. ಮಂಜೂರಾದ ಜಮೀನು ದೊಡ್ಡ ಸರ್ವೆ ನಂಬರಿನ ‘ಪೈಕಿ’ಯಾಗಿ ಪಹಣಿಯಲ್ಲಿ ಕೂತಿರುತ್ತದೆ. ಎಷ್ಟೋ ವರ್ಷದ ನಂತರ ಪೋಡಿ ದುರಸ್ತಿಯಾಗಿ ಅದಕ್ಕೆ ಹೊಸ ನಂಬರು ಬೀಳುತ್ತದೆ. ಕ್ರಯಪತ್ರದಲ್ಲಿ ಹಳೆಯ ಪೈಕಿ ನಂಬರು, ಪಹಣಿಯಲ್ಲಿ ಹೊಸ ನಂಬರು. ಹೊಸ ನಂಬರಿಗೆ ಇ.ಸಿ. ಕೇಳಿದರೆ ಬರುವುದು ‘ನಿಲ್’. ಕಳಸದವರಿಗೆ ಇನ್ನೊಂದು ತೊಡಕು: ಅದು ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಚೆಗೆ ತಾಲ್ಲೂಕಾದದ್ದು. ಹಾಗಾಗಿ ಹಳೆಯ ಪತ್ರದ ಷೆಡ್ಯೂಲಿನಲ್ಲಿರುವುದು ‘ಮೂಡಿಗೆರೆ ತಾಲ್ಲೂಕು, ಕಳಸ ಹೋಬಳಿ’. ತೋಟ ಎರಡು ಉಪ ನೋಂದಣಿ ವ್ಯಾಪ್ತಿಗಳಿಗೆ ಚಾಚಿಕೊಂಡಿದ್ದರೆ, ನೋಂದಾಯಿಸಿದ ಕಚೇರಿ 64ನೇ ಕಲಮಿನಂತೆ ಇನ್ನೊಂದು ಕಚೇರಿಗೆ ಜ್ಞಾಪನ ಕಳಿಸಬೇಕು. ಅದು ಹೋಗದಿದ್ದರೆ ಚಿಕ್ಕಮಗಳೂರಿನಲ್ಲಿ ಕಾಣುವ ಕ್ರಯ ಮೂಡಿಗೆರೆಯಲ್ಲಿ ಕಾಣುವುದಿಲ್ಲ.

ಇಷ್ಟು ಸೋಸಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ತಪ್ಪು ಪತ್ರದಲ್ಲಿದೆಯೋ ಸೂಚಿಯಲ್ಲೋ? ಕ್ರಯಪತ್ರದಲ್ಲೇ ಸರ್ವೆ ನಂಬರು ತಪ್ಪಾಗಿ ಅಚ್ಚಾಗಿದ್ದರೆ ಉಪ ನೋಂದಣಾಧಿಕಾರಿ ಅದನ್ನು ತಿದ್ದಲಾರರು. ಬರೆದುಕೊಟ್ಟವರೂ ಬರೆಸಿಕೊಂಡವರೂ ಸೇರಿ ತಿದ್ದುಪಡಿ ಪತ್ರ ನೋಂದಾಯಿಸಬೇಕು. ಪತ್ರ ಸರಿಯಿದ್ದು ಸೂಚಿಯಲ್ಲಿ ಮಾತ್ರ ಬಿಟ್ಟುಹೋಗಿದ್ದರೆ ಕಕ್ಷಿದಾರರನ್ನು ಮತ್ತೆ ಕರೆತರುವ ಗೊಡವೆಯಿಲ್ಲ, ಮನವಿ ಪತ್ರವೇ ಸಾಕು. ಈ ಭೇದ ತಿಳಿಯದೆ ಸತ್ತುಹೋದ ಮಾರಾಟಗಾರನ ವಾರಸುದಾರರನ್ನು ಹುಡುಕಿಕೊಂಡು ಅಲೆಯುವುದು ಅನಗತ್ಯ ತಾಪತ್ರಯ.

ಒಂದು ಕಲ್ಪಿತ ಉದಾಹರಣೆ

ಗೋಣಿಬೀಡು ಹೋಬಳಿಯ ಒಂದು ಗ್ರಾಮದಲ್ಲಿ 2009ರಲ್ಲಿ 6 ಎಕರೆ 20 ಗುಂಟೆ ಕಾಫಿ ತೋಟ ಕ್ರಯವಾಯಿತು ಎಂದಿಟ್ಟುಕೊಳ್ಳೋಣ. ಷೆಡ್ಯೂಲಿನಲ್ಲಿ ಮೂರು ಬಾಬ್ತುಗಳು: ಸರ್ವೆ ನಂ. 41/1ರಲ್ಲಿ 2 ಎಕರೆ 10 ಗುಂಟೆ, 41/3ರಲ್ಲಿ 1 ಎಕರೆ 30 ಗುಂಟೆ, 58/ಪಿ2ರಲ್ಲಿ 2 ಎಕರೆ 20 ಗುಂಟೆ. ಮೂರನೆಯದು ಮಾರಾಟಗಾರನಿಗೆ ಹಿಂದೆ ಮಂಜೂರಾಗಿ, ಪರಭಾರೆ ನಿರ್ಬಂಧದ ಅವಧಿ ಕಳೆದ ಜಮೀನು. ನಂತರ ಪೋಡಿಯಾಗಿ ಅದು ಸರ್ವೆ ನಂ. 112 ಆಗಿದೆ.

112ಕ್ಕೆ ಕೇಳಿದ ಇ.ಸಿ. ‘ನಿಲ್’ ಬಂತು. ಅದು ನಂಬರು ಬದಲಾದ ಫಲ, ಅಲ್ಲಿಯವರೆಗೆ ತಪ್ಪು ಕಚೇರಿಯದಲ್ಲ. ಆದರೆ 58/ಪಿ2ಕ್ಕೆ ಕೇಳಿದಾಗಲೂ ‘ನಿಲ್’ ಬಂತು. 41/1ಕ್ಕೆ ತೆಗೆಸಿದ ಇ.ಸಿ.ಯಲ್ಲಿ ಮಾತ್ರ 2009ರ ಕ್ರಯ ಕಾಣುತ್ತದೆ, ಸ್ವತ್ತಿನ ಅಂಕಣದಲ್ಲಿ 41/1 ಮತ್ತು 41/3 ಎರಡೇ ಇವೆ. ರೋಗ ಇಲ್ಲಿ ಸಿಕ್ಕಿತು: ಪತ್ರ ಸೂಚಿಯಲ್ಲಿದೆ, ಮೂರನೇ ಬಾಬ್ತು ಇಳಿದಿಲ್ಲ. ಮುಂದಿನ ಹೆಜ್ಜೆ, 57ನೇ ಕಲಮಿನಂತೆ 1ನೇ ಪುಸ್ತಕದ ದೃಢೀಕೃತ ನಕಲು ಪಡೆಯುವುದು. ಕಚೇರಿಯದೇ ನಕಲಿನಲ್ಲಿ ಮೂರು ಬಾಬ್ತುಗಳೂ ಇದ್ದರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಆಗ ಪತ್ರ ಹೀಗಿರಬಹುದು:

ಗೆ,
ಉಪ ನೋಂದಣಾಧಿಕಾರಿಗಳು,
ಮೂಡಿಗೆರೆ.

ಮಾನ್ಯರೇ,

ವಿಷಯ: ನೋಂದಾಯಿತ ಕ್ರಯಪತ್ರದ ಷೆಡ್ಯೂಲಿನ ಮೂರನೇ ಬಾಬ್ತು ಸ್ವತ್ತಿನ ಸೂಚಿಯಲ್ಲಿ ಬಿಟ್ಟುಹೋಗಿರುವುದನ್ನು ಸೇರಿಸಿಕೊಡುವ ಬಗ್ಗೆ.

ಉಲ್ಲೇಖ: 1ನೇ ಪುಸ್ತಕದ ದಸ್ತಾವೇಜು ಸಂಖ್ಯೆ ......, 2009-10ನೇ ಸಾಲು, ನೋಂದಣಿ ದಿನಾಂಕ ......

ಮೇಲ್ಕಂಡ ಕ್ರಯಪತ್ರದಿಂದ ನಾನು ಮೂರು ಬಾಬ್ತು ಜಮೀನುಗಳನ್ನು ಖರೀದಿಸಿರುತ್ತೇನೆ. ತಮ್ಮ ಕಚೇರಿಯಿಂದ ಪಡೆದ ದೃಢೀಕೃತ ನಕಲಿನ ಷೆಡ್ಯೂಲಿನಲ್ಲಿ ಸರ್ವೆ ನಂ. 41/1, 41/3 ಮತ್ತು 58/ಪಿ2 ನಮೂದಾಗಿವೆ. ಆದರೆ ಅದೇ ದಸ್ತಾವೇಜಿನ ಬಗ್ಗೆ ನೀಡಿರುವ ನಮೂನೆ 15ರಲ್ಲಿ ಮೊದಲ ಎರಡು ಮಾತ್ರ ಇವೆ. ಸರ್ವೆ ನಂ. 58/ಪಿ2ಕ್ಕೆ ನಮೂನೆ 16 ಬಂದಿರುತ್ತದೆ.

ದಸ್ತಾವೇಜಿನಲ್ಲಿ ಯಾವ ತಿದ್ದುಪಡಿಯನ್ನೂ ನಾನು ಕೋರುತ್ತಿಲ್ಲ. 1ನೇ ಪುಸ್ತಕದೊಂದಿಗೆ ತಾಳೆ ನೋಡಿ, 58/ಪಿ2ರ 2 ಎಕರೆ 20 ಗುಂಟೆಯನ್ನು ಸೂಚಿಗೆ ಸೇರಿಸಿ, 01-04-2004ರಿಂದ ಈವರೆಗಿನ ಋಣಭಾರ ಪತ್ರ ನೀಡಬೇಕಾಗಿ ಕೋರುತ್ತೇನೆ. ಈ ಜಮೀನು ಪೋಡಿಯಾಗಿ ಈಗ ಸರ್ವೆ ನಂ. 112 ಆಗಿದ್ದು, ಸಂಬಂಧಿತ ದಾಖಲೆ ಲಗತ್ತಿಸಿದೆ. ಇದಕ್ಕೆ ಜಿಲ್ಲಾ ನೋಂದಣಾಧಿಕಾರಿಗಳ ಆದೇಶ ಬೇಕಿದ್ದಲ್ಲಿ ತಮ್ಮ ವರದಿಯೊಂದಿಗೆ ಕಳುಹಿಸಿ, ನನಗೆ ಹಿಂಬರಹ ನೀಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ, ವಿಳಾಸ, ದಿನಾಂಕ)

ಲಗತ್ತು: ಕ್ರಯಪತ್ರದ ದೃಢೀಕೃತ ನಕಲು, ಎರಡೂ ಇ.ಸಿ., ಹಳೆಯ ಮತ್ತು ಹೊಸ ಪಹಣಿ, ಪೋಡಿ ನಕ್ಷೆ, ಗುರುತಿನ ಚೀಟಿಯ ಪ್ರತಿ.

ಈ ಪತ್ರದ ಬಲವಿರುವುದು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟಿರುವುದರಲ್ಲಿ, ಎರಡೂ ಅದೇ ಕಚೇರಿಯವು. ‘ದಸ್ತಾವೇಜಿನಲ್ಲಿ ತಿದ್ದುಪಡಿ ಕೋರುತ್ತಿಲ್ಲ’ ಎಂಬ ಸಾಲನ್ನು ಬಿಡಬಾರದು. ಅದಿಲ್ಲದಿದ್ದರೆ ‘ತಿದ್ದುಪಡಿ ಪತ್ರ ಮಾಡಿಸಿಕೊಂಡು ಬನ್ನಿ’ ಎಂಬ ಸಿದ್ಧ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಹೊಸ ಸರ್ವೆ ನಂಬರನ್ನು ಮಾಹಿತಿಯಾಗಿ ತಿಳಿಸಬೇಕೇ ಹೊರತು ಸೂಚಿಯಲ್ಲಿ ಹಳೆಯದರ ಬದಲು ಅದನ್ನೇ ಹಾಕಿ ಎಂದು ಕೇಳಬಾರದು: ಪತ್ರದಲ್ಲಿಲ್ಲದ ನಂಬರನ್ನು ಸೂಚಿಗೆ ತರುವಂತಿಲ್ಲ. ಬ್ಯಾಂಕಿಗೆ ಕೊನೆಗೂ ಎರಡು ಇ.ಸಿ. ಕೊಡಬೇಕಾಗುತ್ತದೆ, ಹಳೆಯ ನಂಬರಿನದೊಂದು, ಹೊಸದರದೊಂದು, ನಡುವಿನ ಕೊಂಡಿಯಾಗಿ ಪೋಡಿಯ ದಾಖಲೆ. ಬೈಗುಳ, ನಷ್ಟ ಪರಿಹಾರದ ಬೆದರಿಕೆ, ಸಾಲ ತಪ್ಪಿಹೋದ ಸಂಕಟದ ಕಥೆ ಪತ್ರದಲ್ಲಿ ಬೇಕಿಲ್ಲ. ಮೇಜಿನ ಹಿಂದಿನ ಗುಮಾಸ್ತರಿಗೆ ಬೇಕಾದದ್ದು ದಸ್ತಾವೇಜು ಸಂಖ್ಯೆ ಮತ್ತು ಬಾಬ್ತು.

ಪತ್ರದ ಎರಡು ಪ್ರತಿ ಒಯ್ದು, ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ಉಪ ನೋಂದಣಾಧಿಕಾರಿ ತಮ್ಮ ಹಂತದಲ್ಲಿ ಆಗದು ಎಂದರೆ ಅಥವಾ ಉತ್ತರವೇ ಬಾರದಿದ್ದರೆ ಮುಂದಿನ ಮೆಟ್ಟಿಲು ಚಿಕ್ಕಮಗಳೂರಿನ ಜಿಲ್ಲಾ ನೋಂದಣಾಧಿಕಾರಿ. ಉಪ ನೋಂದಣಾಧಿಕಾರಿಗಳ ಮೇಲ್ವಿಚಾರಣೆ ಅವರದು, ಕೆಳಗಿನ ಕಚೇರಿಯ ಲೋಪದ ಬಗ್ಗೆ ಕಾಯ್ದೆಗೆ ಒಪ್ಪುವ ಆದೇಶ ಹೊರಡಿಸುವ ಅಧಿಕಾರ 68ನೇ ಕಲಮಿನಲ್ಲಿದೆ. ಅಲ್ಲಿಗೆ ಬರೆಯುವ ಮನವಿಗೆ ಮೊದಲ ಪತ್ರದ ಸ್ವೀಕೃತಿ ಪ್ರತಿಯೇ ಮುಖ್ಯ ಲಗತ್ತು.

ತಿದ್ದಿದ್ದೇವೆ ಎಂಬ ಹಿಂಬರಹ ಬಂದ ಮೇಲೂ ಹೊಸ ಇ.ಸಿ. ತೆಗೆಸಿ ಓದಬೇಕು. ಮೂರನೇ ಬಾಬ್ತು ಸೇರಿಸುವಾಗ ವಿಸ್ತೀರ್ಣ ತಪ್ಪಾಗುವುದುಂಟು, ‘ಪಿ2’ ಹೋಗಿ ಬರೀ 58 ಉಳಿಯುವುದೂ ಉಂಟು. ಹಾಗೆ ಉಳಿದರೆ ಮಿಕ್ಕ ಪೈಕಿದಾರರ ಇ.ಸಿ.ಯಲ್ಲೂ ಈ ಕ್ರಯ ಕಾಣಿಸಿಕೊಂಡು, ಅಂಥದೇ ಪತ್ರ ಬರೆಯುವ ಸರದಿ ಪಕ್ಕದ ತೋಟದವರದಾಗುತ್ತದೆ.