ಬಿಡಿನೋಟ ಚಿತ್ರ: ಪೀಠೋಪಕರಣಗಳ ಜೋಡಣಾ ಕೈಪಿಡಿಯಲ್ಲಿ

ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಪೀಠೋಪಕರಣದ ಹಲಗೆ, ಬೋಲ್ಟ್ ಮೊದಲಾದವನ್ನು ಅವು ಕೂಡುವ ನೇರದಲ್ಲಿಯೇ ಒಂದರಿಂದೊಂದು ದೂರ ಸರಿಸಿ, ಅಂಕಿಗಳಿಂದ ಗುರುತಿಸಿ ತೋರಿಸುವ ಚಿತ್ರಕ್ಕೆ ಬಿಡಿನೋಟ ಅಥವಾ ಎಕ್ಸ್‌ಪ್ಲೋಡೆಡ್ ವ್ಯೂ ಎನ್ನುತ್ತಾರೆ. ಲಿಯೊನಾರ್ಡೊ ಡ ವಿಂಚಿಯ ಯಂತ್ರಚಿತ್ರಗಳಲ್ಲಿಯೂ ಕಾಣುವ ಈ ವಿಧಾನವನ್ನು ಸ್ವೀಡನ್ ಮೂಲದ ಐಕಿಯ ಸಂಸ್ಥೆಯು ಮಾತಿನ ಬದಲು ಚಿತ್ರವನ್ನೇ ನೆಚ್ಚುವ ತನ್ನ ಕೈಪಿಡಿಗಳಲ್ಲಿ ಬಳಸುತ್ತದೆ.

ಎರಡು ಪಕ್ಕದ ಹಲಗೆ, ಮೇಲ್ಹಲಗೆ, ತಳಹಲಗೆ, ನಡುವಿನ ಒಂದು ಅಡ್ಡಹಲಗೆ ಮತ್ತು ಹಿಂಬದಿಯ ತೆಳುಹಲಗೆಯುಳ್ಳ ಪುಸ್ತಕದ ಕಪಾಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಗಲ ಮತ್ತು ಆಳದ ಗೆರೆಗಳು ಅಡ್ಡರೇಖೆಗೆ 30 ಡಿಗ್ರಿ ಓರೆಯಾಗಿರುವ ಐಸೊಮೆಟ್ರಿಕ್ ನೋಟದಲ್ಲಿ ಅಡ್ಡಹಲಗೆಯನ್ನು ಸ್ಥಿರವಾಗಿಟ್ಟು, ಪಕ್ಕದ ಹಲಗೆಗಳನ್ನು ಎಡಬಲಕ್ಕೂ ತೆಳುಹಲಗೆಯನ್ನು ಹಿಂದಕ್ಕೂ ಸರಿಸಲಾಗುತ್ತದೆ. ಅಡ್ಡಹಲಗೆಯ ತುದಿಗೂ ಪಕ್ಕದ ಹಲಗೆಗೂ ನಡುವಿನ ತೆರವು ಬೋಲ್ಟ್ ಇಡಿಯಾಗಿ ಕಾಣುವಷ್ಟಿದ್ದು, ಅದು ಸೇರುವ ರಂಧ್ರದವರೆಗೆ ತೆಳುವಾದ ತುಂಡುಗೆರೆ ಎಳೆದಿರಬೇಕು.

ಕ್ಯಾಮ್ ಲಾಕ್, ಅಂದರೆ ಪಕ್ಕದ ಹಲಗೆಗೆ ತಿರುಪಿದ ಬೋಲ್ಟಿನ ತಲೆಯನ್ನು ಹಿಡಿದು, ತಿರುಗಿಸಿದಾಗ ಹಲಗೆಗಳನ್ನು ಬಿಗಿಯುವ ದುಂಡುಬಿಲ್ಲೆ, ಇಲ್ಲಿ ತೊಡಕು ತರುತ್ತದೆ. ಬೋಲ್ಟ್ ಅಗಲದ ದಿಕ್ಕಿನಲ್ಲಿ ಸಾಗಿದರೆ ಬಿಲ್ಲೆಯು ಅಡ್ಡಹಲಗೆಯ ಕೆಳಮುಖದಿಂದ ಒಳಸೇರುವುದರಿಂದ, ಮೇಲಿನಿಂದ ನೋಡುವ ಚಿತ್ರದಲ್ಲಿ ಅದರ ಕುಳಿಯೇ ಮರೆಯಾಗುತ್ತದೆ. ಹೀಗಾಗಿ ಬಿಲ್ಲೆಯನ್ನು ಹಲಗೆಯ ಕೆಳಗೆ ಇಳಿಸಿ ತೋರಿಸುವುದರ ಜೊತೆಗೆ, ಅದರ ಬಾಣದ ಗುರುತು ಬೋಲ್ಟ್ ಬರುವ ಅಂಚಿನತ್ತ ಇರಬೇಕೆಂಬುದನ್ನು ಪಕ್ಕದ ವೃತ್ತದಲ್ಲಿ ದೊಡ್ಡದಾಗಿ ಬರೆಯಬೇಕು.

ಅಂಕಿಯನ್ನು ಕೊಡುವುದು ಭಾಗದ ಬಗೆಗೆ, ಪ್ರತಿಯೊಂದು ತುಂಡಿಗಲ್ಲ. ಮೇಲ್ಹಲಗೆ, ತಳಹಲಗೆ, ಅಡ್ಡಹಲಗೆ ಎಂಬ ಮೂರು ಹಲಗೆಗಳ ಆರು ತುದಿಗಳಿಗೆ ಎರಡರಂತೆ 12 ಬೋಲ್ಟ್‌ಗಳಿದ್ದರೂ ಅವಕ್ಕೆಲ್ಲ 7 ಎಂಬ ಒಂದೇ ಅಂಕಿ ಸಾಕು. ಎಣಿಕೆಯು ಭಾಗಗಳ ಪಟ್ಟಿಗೆ ಸೇರುತ್ತದೆ. ಪಕ್ಕದ ಹಲಗೆಗಳ ವಿಷಯ ಸೂಕ್ಷ್ಮವಾದುದು. ರಂಧ್ರಗಳು ಮೇಲಿನಿಂದಲೂ ಕೆಳಗಿನಿಂದಲೂ ಸಮದೂರದಲ್ಲಿದ್ದರೆ ಎಡದ ಹಲಗೆಯನ್ನು ತಲೆಕೆಳಗು ಮಾಡಿ ಬಲಕ್ಕೆ ಬಳಸಬಹುದಾದ್ದರಿಂದ ಎರಡಕ್ಕೂ ಒಂದೇ ಅಂಕಿ ಸಲ್ಲುತ್ತದೆ. ಅಡ್ಡಹಲಗೆ ನಟ್ಟನಡುವೆ ಇಲ್ಲದಿದ್ದರೆ ಅವು ಒಂದಕ್ಕೊಂದು ಕನ್ನಡಿಬಿಂಬಗಳಾಗುವುದರಿಂದ 1 ಮತ್ತು 2 ಎಂದು ಬೇರೆಬೇರೆ ಗುರುತಿಸಬೇಕಾಗುತ್ತದೆ. ಈ ಭೇದವನ್ನು ಕಡೆಗಣಿಸಿದರೆ ಒಂದು ಬದಿ ಕೂಡಿದ ಮೇಲೆ ಇನ್ನೊಂದು ಬದಿಯಲ್ಲಿ ಅಡ್ಡಹಲಗೆಗೆ ರಂಧ್ರವೇ ಎದುರಾಗುವುದಿಲ್ಲ.

ಅಂಕಿಯಿಂದ ಭಾಗಕ್ಕೆ ಎಳೆಯುವ ತೋರುಗೆರೆ ಭಾಗದ ಮೈಮೇಲೆ ನಿಂತರೆ ಚುಕ್ಕೆಯಿಂದಲೂ ಅಂಚನ್ನು ಮುಟ್ಟಿದರೆ ಬಾಣದಿಂದಲೂ ಕೊನೆಗೊಳ್ಳುವುದು ರೂಢಿ. ಈ ಗೆರೆಗಳು ಒಂದನ್ನೊಂದು ದಾಟಬಾರದು, ತುಂಡುಗೆರೆಗಳಿಗೆ ಸಮಾನಾಂತರವಾಗಿಯೂ ಸಾಗಬಾರದು. ಹಾಗಾದಲ್ಲಿ ಓದುಗನು ತೋರುಗೆರೆಯನ್ನೇ ಜೋಡಣೆಯ ದಿಕ್ಕೆಂದು ಭಾವಿಸುವ ಸಂಭವವಿದೆ. ಬಿಡಿನೋಟವು ಯಾವುದು ಎಲ್ಲಿ ಸೇರುತ್ತದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಯಾವುದು ಮೊದಲು ಎಂಬುದನ್ನಲ್ಲವಾದ್ದರಿಂದ, ಜೋಡಣೆಯ ಕ್ರಮಕ್ಕೆ ಪ್ರತ್ಯೇಕ ಹಂತಚಿತ್ರಗಳು ಬೇಕಾಗುತ್ತವೆ.